ನೀರೋ, ಗಟ್ಟಿ ಗಂಟೋ: ಮ್ಯಾಮೊಗ್ರಾಂ ಆದಮೇಲೆ ಸೋನೋಗ್ರಾಫಿಗೆ ಕರೆಯುವುದೇಕೆ

“ಡಾಕ್ಟರ್ರೀ, ಒಂದ್ ಲೀಟರ್ ನೀರು ಕುಡದ ಬಂದೀನಿ. ಲಗೂನ ಮಾಡ್ರಿ.”

ವಿಜಯಪುರದ ನಮ್ಮ ಸ್ಕ್ಯಾನಿಂಗ್ ಕೋಣೆಗೆ ಬಂದವರು ಸಿಂದಗಿ ಕಡೆಯ ಒಬ್ಬ ಶಿಕ್ಷಕಿ. ವಯಸ್ಸು 46. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಹಿಂದಿನ ವಾರ ಜೀವನದಲ್ಲೇ ಮೊದಲ ಸಲ ಮ್ಯಾಮೊಗ್ರಾಂ ಮಾಡಿಸಿದ್ದರು. ಮೂರು ದಿನಕ್ಕೆ ಫೋನ್ ಬಂತು: ಬಲಗಡೆ ಏನೋ ಕಾಣುತ್ತಿದೆ, ಸೋನೋಗ್ರಾಫಿ ಮಾಡಬೇಕು, ಬನ್ನಿ. ಅಂದಿನಿಂದ ಸರಿಯಾಗಿ ನಿದ್ದೆಯಿಲ್ಲ. ಸೋನೋಗ್ರಾಫಿ ಎಂದರೆ ನೀರು ಕುಡಿದು ಮೂತ್ರ ತಡೆದುಕೊಂಡು ಬರಬೇಕು ಎಂಬುದು ಮಾತ್ರ ಗೊತ್ತಿತ್ತು, ಹಾಗೇ ಬಂದಿದ್ದರು. ಆ ನಿಯಮ ಹೊಟ್ಟೆಯ ಸ್ಕ್ಯಾನಿಗೆ. ಸ್ತನದ ಸೋನೋಗ್ರಾಫಿಗೆ ನೀರೂ ಬೇಡ, ಉಪವಾಸವೂ ಬೇಡ. ಹೋಗಿ ಬನ್ನಿ ಅಕ್ಕಾ ಎಂದೆ. “ಬ್ಯಾಡ್ರಿ, ಮೊದಲ ಹೇಳ್ರಿ” ಎಂದು ಮಂಚ ಹತ್ತಿಯೇ ಬಿಟ್ಟರು.

ಅವರಿಗೆ ಬೇಕಿದ್ದದ್ದು ಒಂದೇ ಉತ್ತರ. ಮ್ಯಾಮೊಗ್ರಾಮಿನಲ್ಲಿ ಕಂಡ ಆ ಗುಂಡನೆಯದು ನೀರು ತುಂಬಿದ ಗುಳ್ಳೆಯೋ, ಗಟ್ಟಿ ಗಂಟೋ?

ಮ್ಯಾಮೊಗ್ರಾಮಿಗೆ ಯಾಕೆ ಗೊತ್ತಾಗುವುದಿಲ್ಲ

ಮ್ಯಾಮೊಗ್ರಾಂ ಎಂದರೆ ಸ್ತನದ ಎಕ್ಸ್-ರೇ. ಎಕ್ಸ್-ರೇ ಚಿತ್ರ ಒಂದು ಬಗೆಯ ನೆರಳು: ಕಿರಣವನ್ನು ಹೆಚ್ಚು ತಡೆದದ್ದು ಬೆಳ್ಳಗೆ, ಕಡಿಮೆ ತಡೆದದ್ದು ಕಪ್ಪಗೆ. ಕೊಬ್ಬು ಕಡಿಮೆ ತಡೆಯುತ್ತದೆ, ಹಾಗಾಗಿ ಕಪ್ಪು. ಹಾಲಿನ ಗ್ರಂಥಿ, ಗಟ್ಟಿ ಗಂಟು, ನೀರುಗುಳ್ಳೆ ಈ ಮೂರೂ ಕಿರಣವನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಡೆಯುತ್ತವೆ. ಹಾಗಾಗಿ ಮೂರೂ ಬಿಳಿ.

ಮನೆಯಲ್ಲಿ ಎರಡು ಗಡಿಗೆ ಇವೆ ಎನ್ನಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಜೋಳ. ಗೋಡೆಯ ಮೇಲೆ ಬಿದ್ದ ಅವುಗಳ ನೆರಳು ನೋಡಿ ಯಾವುದರಲ್ಲಿ ಏನಿದೆ ಎಂದು ಹೇಳಲಾಗದು. ಬೆರಳಿನಿಂದ ಬಡಿದರೆ ಸಪ್ಪಳದಲ್ಲೇ ಗೊತ್ತಾಗುತ್ತದೆ. ಮ್ಯಾಮೊಗ್ರಾಂ ನೆರಳು ನೋಡುತ್ತದೆ, ಸೋನೋಗ್ರಾಫಿ ಬಡಿದು ಕೇಳುತ್ತದೆ.

ಶಿಕ್ಷಕಿಯ ರಿಪೋರ್ಟಿನ ಕೊನೆಯಲ್ಲಿ “ಬೈರಾಡ್ಸ್ 0” ಎಂದಿತ್ತು. ಬೈರಾಡ್ಸ್ ಎಂದರೆ ಸ್ತನದ ಚಿತ್ರಗಳ ಬಗ್ಗೆ ರೇಡಿಯಾಲಜಿಸ್ಟರು 0ಯಿಂದ 6ರವರೆಗೆ ಕೊಡುವ ದರ್ಜೆ. ಸೊನ್ನೆ ನೋಡಿ ಕೆಲವರು “ಏನೂ ಇಲ್ಲ” ಎಂದುಕೊಂಡು ಮನೆಯಲ್ಲೇ ಉಳಿಯುತ್ತಾರೆ, ಕೆಲವರು ಹೆದರಿ ಕಂಗಾಲಾಗುತ್ತಾರೆ. ಎರಡೂ ತಪ್ಪು. ಸೊನ್ನೆ ಎಂದರೆ ಪರೀಕ್ಷೆ ಮುಗಿದಿಲ್ಲ, ಇನ್ನೊಂದು ಚಿತ್ರ ಬೇಕು, ಅಷ್ಟೇ. ಮೊದಲ ಮ್ಯಾಮೊಗ್ರಾಂ ಆದವರನ್ನು ಹೀಗೆ ಕರೆಯುವುದು ಹೆಚ್ಚು, ಯಾಕೆಂದರೆ ಹೋಲಿಸಿ ನೋಡಲು ಹಳೆಯ ಚಿತ್ರ ಇರುವುದಿಲ್ಲ. ಅಮೆರಿಕದಲ್ಲಿ ಸ್ಕ್ರೀನಿಂಗಿಗೆ ಹೋದ 100 ಹೆಂಗಸರಲ್ಲಿ ಸುಮಾರು 10 ಮಂದಿಗೆ ಮರಳಿ ಕರೆ ಬರುತ್ತದೆ. ಅವರಲ್ಲಿ ಬಹುತೇಕರಿಗೆ ಕ್ಯಾನ್ಸರ್ ಇರುವುದಿಲ್ಲ.

ಇನ್ನು ಆ ನೀರುಗುಳ್ಳೆ, ಅಂದರೆ ಸಿಸ್ಟ್. ಹಾಲು ತಯಾರಾಗುವ ಸಣ್ಣ ಸಣ್ಣ ಚೀಲಗಳಲ್ಲಿ ಒಸರುವ ದ್ರವ ಮರಳಿ ಹೀರಿಕೊಳ್ಳದೆ ಉಳಿದು ಉಬ್ಬಿದರೆ ಸಿಸ್ಟ್ ಆಗುತ್ತದೆ. 35ರಿಂದ 50ರ ವಯಸ್ಸಿನಲ್ಲಿ, ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಇದು ತೀರಾ ಸಾಮಾನ್ಯ.

ಶಬ್ದದಿಂದ ಚಿತ್ರ ಬರುವುದು ಹೇಗೆ

ನಮ್ಮ ಕಾಯುವ ಕೋಣೆಯ ಗೋಡೆಗೆ “ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ” ಎಂಬ ಬೋರ್ಡ್ ಇದೆ. 1994ರ ಕಾನೂನಿನ ಪ್ರಕಾರ ಇಂಥ ಕೇಂದ್ರಗಳಲ್ಲೆಲ್ಲ ಅದು ಇರಲೇಬೇಕು. ಆ ಬೋರ್ಡ್ ನೋಡಿಯೇ ಏನೋ, ಸೋನೋಗ್ರಾಫಿ ಎಂದರೆ ಬಸಿರಿನ ಪರೀಕ್ಷೆ ಎಂದೇ ನಮ್ಮ ಕಡೆ ಬಹಳ ಮಂದಿಯ ಲೆಕ್ಕ. ಯಂತ್ರ ಅದೇ, ಆದರೆ ಸ್ತನಕ್ಕೆ ಹಚ್ಚುವ ಪ್ರೋಬ್ ಬೇರೆ. ಹೊಟ್ಟೆಯದು ಬಾಗಿದ ಮುಖದ್ದು, ಇದು ಚಪ್ಪಟೆ ಮುಖದ್ದು.

ಈ ಪ್ರೋಬ್ ಸೆಕೆಂಡಿಗೆ 1 ಕೋಟಿ 20 ಲಕ್ಷ ಸಲವೋ ಅದಕ್ಕಿಂತ ಹೆಚ್ಚೋ ಕಂಪಿಸುವ ಶಬ್ದ ಕಳಿಸುತ್ತದೆ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದ ಮೇಲಿನದು ಕೇಳುವುದಿಲ್ಲ. ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಹೋಗುತ್ತದೆ. ದಾರಿಯಲ್ಲಿ ಒಂದು ಬಗೆಯ ಅಂಗಾಂಶ ಮುಗಿದು ಇನ್ನೊಂದು ಶುರುವಾಗುವ ಕಡೆಯಲ್ಲೆಲ್ಲ ಅದರ ಚೂರು ಮಾರ್ದನಿಯಾಗಿ ತಿರುಗಿ ಬರುತ್ತದೆ. ಬೇಗ ಬಂದದ್ದು ಮೇಲಿನಿಂದ, ತಡವಾಗಿ ಬಂದದ್ದು ಆಳದಿಂದ ಎಂದು ಲೆಕ್ಕ ಹಾಕಿ ಯಂತ್ರ ತೆರೆಯ ಮೇಲೆ ಚುಕ್ಕೆ ಇಡುತ್ತಾ ಹೋಗುತ್ತದೆ. ಮಾರ್ದನಿ ಜೋರಾಗಿದ್ದರೆ ಚುಕ್ಕೆ ಬೆಳ್ಳಗೆ, ಮೆಲ್ಲಗಿದ್ದರೆ ಬೂದು. ಇಲ್ಲಿ ಎಕ್ಸ್-ರೇ ಇಲ್ಲವೇ ಇಲ್ಲ. ತಣ್ಣನೆಯ ಜೆಲ್ಲಿ ಹಚ್ಚುವುದು ಪ್ರೋಬಿಗೂ ಚರ್ಮಕ್ಕೂ ನಡುವೆ ಗಾಳಿ ಉಳಿಯದಿರಲಿ ಎಂದು. ಗಾಳಿ ಇದ್ದರೆ ಶಬ್ದ ಒಳಗೇ ಹೋಗುವುದಿಲ್ಲ.

ಗಟ್ಟಿ ಗಂಟಿನೊಳಗೆ ಜೀವಕೋಶ, ನಾರು, ರಕ್ತನಾಳ ಎಲ್ಲ ಇರುತ್ತವೆ. ಶಬ್ದಕ್ಕೆ ಹೆಜ್ಜೆಹೆಜ್ಜೆಗೂ ತಡೆ, ಹಾಗಾಗಿ ಒಳಗೆಲ್ಲ ಬೂದು ಚುಕ್ಕೆ. ತಿಳಿನೀರಿನೊಳಗೆ ತಡೆ ಏನೂ ಇಲ್ಲ. ಮಾರ್ದನಿಯೇ ಬರುವುದಿಲ್ಲ, ತೆರೆಯ ಮೇಲೆ ಅಚ್ಚ ಕಪ್ಪು.

ಕಪ್ಪಗಿದ್ದರೆ ಸಾಲದು, ಹಿಂದೆ ಬೆಳಕೂ ಇರಬೇಕು

ಹಾಗಾದರೆ ಕಪ್ಪು ಎಂದರೆ ನೀರು, ಮುಗಿಯಿತಲ್ಲ? ಇಲ್ಲ. ಕೆಲವು ಗಟ್ಟಿ ಗಂಟುಗಳು, ಕೆಲವು ಕ್ಯಾನ್ಸರುಗಳು ಸಹ, ಬಹಳ ಕಪ್ಪಗೆ ಕಾಣುತ್ತವೆ. ಅದಕ್ಕೇ ಗುಳ್ಳೆಯ ಒಳಗಷ್ಟೇ ಅಲ್ಲ, ಅದರ ಹಿಂದೆ, ಅಂದರೆ ಇನ್ನೂ ಆಳದಲ್ಲಿ ಏನು ಕಾಣುತ್ತದೆ ಎಂದು ನೋಡಬೇಕು. ನೀರುಗುಳ್ಳೆಯ ಹಿಂದೆ ಬೆಳ್ಳನೆಯ ಪಟ್ಟಿಯೊಂದು ಕೆಳಗಿಳಿದಿರುತ್ತದೆ, ಗುಳ್ಳೆಯೊಳಗಿಂದ ಬ್ಯಾಟರಿ ಬಿಟ್ಟ ಹಾಗೆ.

ಇದು ಯಾಕೆ ಎಂಬುದು ಆಲಮಟ್ಟಿ ಕಾಲುವೆ ಕಂಡವರಿಗೆ ಬೇಗ ಹೊಳೆಯುತ್ತದೆ. ಕಾಲುವೆಯುದ್ದಕ್ಕೂ ನೀರು ಇಂಗುತ್ತದೆ. ಮೈಲಿಗೆ ಇಷ್ಟು ಇಂಗಿ ಹೋಗುತ್ತದೆ ಎಂದು ಲೆಕ್ಕ ಹಿಡಿದು, ಕೊನೆಯ ಹೊಲಕ್ಕೆ ಕಡಿಮೆ ಬೀಳದಂತೆ ಮೊದಲೇ ಹೆಚ್ಚು ಬಿಡುತ್ತಾರೆ ಎನ್ನಿ. ನಡುವೆ ಒಂದು ತುಂಡಿಗೆ ಸಿಮೆಂಟ್ ಹಾಕಿಸಿದ್ದು ಬಿಡುವವನಿಗೆ ಗೊತ್ತಿಲ್ಲ. ಅಲ್ಲಿ ಇಂಗುವುದೇ ಇಲ್ಲ. ಆಗ ಆ ತುಂಡಿನ ಮುಂದಿನ ಹೊಲಕ್ಕೆ ಲೆಕ್ಕಕ್ಕಿಂತ ಹೆಚ್ಚು ನೀರು.

ಸೋನೋಗ್ರಾಫಿ ಯಂತ್ರದ ಲೆಕ್ಕವೂ ಹೀಗೇ. ಪ್ರತಿ ಸೆಂಟಿಮೀಟರಿಗೆ ಅಂಗಾಂಶ ಇಷ್ಟು ಶಬ್ದ ನುಂಗುತ್ತದೆ ಎಂದುಕೊಂಡು ಆಳದ ಮಾರ್ದನಿಗಳನ್ನು ಅದಕ್ಕೆ ತಕ್ಕಂತೆ ಜೋರು ಮಾಡಿ ತೋರಿಸುತ್ತದೆ. ನಡುವೆ ನೀರು ಸಿಕ್ಕರೆ ಅಲ್ಲಿ ಶಬ್ದ ಹೆಚ್ಚುಕಡಿಮೆ ನುಂಗಿ ಹೋಗುವುದೇ ಇಲ್ಲ. ಯಂತ್ರಕ್ಕೆ ಅದು ಗೊತ್ತಿಲ್ಲ, ಎಂದಿನಂತೆ ಜೋರು ಮಾಡುತ್ತದೆ. ಹಾಗಾಗಿ ನೀರಿನ ಹಿಂದಿನ ಭಾಗ ಅಕ್ಕಪಕ್ಕಕ್ಕಿಂತ ಬೆಳ್ಳಗೆ. ಯಂತ್ರದ ಈ ತಪ್ಪು ಲೆಕ್ಕವೇ ನಮಗೆ ಸಿಗುವ ಒಳ್ಳೆಯ ಸುಳಿವು.

ಆದರೆ ಈ ಬೆಳಕೂ ಒಂಟಿ ಸಾಕ್ಷಿಯಾಗಿ ನಿಲ್ಲದು. ಶಬ್ದವನ್ನು ಕಡಿಮೆ ನುಂಗುವ ಕೆಲವು ಗಟ್ಟಿ ಗಂಟುಗಳ ಹಿಂದೆಯೂ ಅದು ಕಾಣಬಹುದು. “ಸರಳ ಸಿಸ್ಟ್” ಎಂದು ಬರೆಯಬೇಕಾದರೆ ಎಲ್ಲವೂ ಕೂಡಿ ಬರಬೇಕು: ಆಕಾರ ದುಂಡಗೆ ಅಥವಾ ಮೊಟ್ಟೆಯ ಹಾಗೆ, ಅಂಚು ನುಣ್ಣಗೆ, ಗೋಡೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ, ಒಳಗೆ ಅಚ್ಚ ಕಪ್ಪು, ಹಿಂದೆ ಬೆಳಕು. ಒಂದು ತಪ್ಪಿದರೂ ಯಾಕೆ ತಪ್ಪಿತು ಎಂದು ಹುಡುಕಬೇಕು.

ಅಂದು ತೆರೆಯ ಮೇಲೆ ಕಂಡದ್ದು

ಶಿಕ್ಷಕಿಯ ಬಲಭುಜದ ಕೆಳಗೆ ದಿಂಬು ಕೊಟ್ಟು, ಕೈಯನ್ನು ತಲೆಯ ಮೇಲೆ ಇಡಿಸಿದೆ. ಹೀಗೆ ಮಾಡಿದರೆ ಸ್ತನ ಎದೆಗೂಡಿನ ಮೇಲೆ ಚಪ್ಪಟೆಯಾಗಿ ಹರಡಿ, ಶಬ್ದ ಹೋಗಬೇಕಾದ ಆಳ ಕಡಿಮೆಯಾಗುತ್ತದೆ. ಮ್ಯಾಮೊಗ್ರಾಂ ಚಿತ್ರ ಪಕ್ಕದ ತೆರೆಯ ಮೇಲೇ ಇತ್ತು: ಬಲಸ್ತನದ ಮೇಲಿನ ಹೊರಭಾಗದಲ್ಲಿ, ಕಂಕುಳ ಕಡೆಗೆ, 15 ಮಿಲಿಮೀಟರಿನ ಮೊಟ್ಟೆಯಾಕಾರದ ಬಿಳಿ ಮಚ್ಚೆ.

ನಾವು ಸ್ತನವನ್ನು ಗಡಿಯಾರದ ಮುಖ ಎಂದುಕೊಂಡು ಜಾಗ ಹೇಳುತ್ತೇವೆ. 11 ಗಂಟೆಯ ಜಾಗದಲ್ಲಿ, ಮೊಲೆತೊಟ್ಟಿನಿಂದ 2 ಸೆಂಟಿಮೀಟರ್ ದೂರಕ್ಕೆ, ಪ್ರೋಬ್ ಇಟ್ಟ ಅರ್ಧ ನಿಮಿಷದಲ್ಲೇ ಒಂದು ನೀರುಗುಳ್ಳೆ ಸಿಕ್ಕಿತು. ಅಚ್ಚ ಕಪ್ಪು, ಹಿಂದೆ ಬೆಳಕು, ತಕರಾರಿಲ್ಲ. ಅಳೆದರೆ 6 ಮಿಲಿಮೀಟರ್.

ಈ ಪರೀಕ್ಷೆಯ ದೊಡ್ಡ ಬಲೆ ಇಲ್ಲಿದೆ, ಯಂತ್ರದಲ್ಲಲ್ಲ. ಹುಡುಕುವವರಿಗೆ ಒಂದು ಸಿಸ್ಟ್ ಸಿಕ್ಕಿತು, ಸಮಾಧಾನವಾಯಿತು, ಕೈ ತೊಳೆದರು. ಮ್ಯಾಮೊಗ್ರಾಮಿನಲ್ಲಿ ಕಂಡದ್ದು 15 ಮಿಲಿಮೀಟರ್, ಇದು 6. ಅಲ್ಲಿ ಕಂಡದ್ದು ಕಂಕುಳ ಕಡೆ, ಇದು ತೊಟ್ಟಿನ ಹತ್ತಿರ. ಇದು ಅದಲ್ಲ. ಜಾಗ ಸ್ವಲ್ಪ ಸರಿಯುವುದು ಸಹಜ, ಯಾಕೆಂದರೆ ಮ್ಯಾಮೊಗ್ರಾಂ ನಿಂತು, ಒತ್ತಿಸಿಕೊಂಡು ತೆಗೆಸಿದ್ದು, ಇದು ಮಲಗಿ ಮಾಡಿದ್ದು. ಆದರೆ ಗಾತ್ರ ಅರ್ಧಕ್ಕಿಂತ ಕಡಿಮೆಯಾಗುವುದಿಲ್ಲ. ಹುಡುಕಾಟ ಮುಂದುವರಿಯಿತು.

10 ಗಂಟೆಯ ಜಾಗದಲ್ಲಿ, ತೊಟ್ಟಿನಿಂದ 5 ಸೆಂಟಿಮೀಟರ್ ದೂರದಲ್ಲಿ ಎರಡನೆಯದು ಸಿಕ್ಕಿತು. ಉದ್ದ 14, ದಪ್ಪ 9 ಮಿಲಿಮೀಟರ್, ತಿಕೋಟಾ ಕಡೆಯ ತೋಟದ ಒಂದು ದ್ರಾಕ್ಷಿಯಷ್ಟು. ಜಾಗ ಸರಿ, ಗಾತ್ರ ಸರಿ, ಆಕಾರ ಸರಿ. ಒಂದೇ ಕೊರತೆ: ಒಳಗೆ ಪೂರ್ತಿ ಕಪ್ಪಾಗಿರಲಿಲ್ಲ. ಮೇಲಿನ ಮೂರನೇ ಒಂದು ಪಾಲಿನಲ್ಲಿ ತೆಳ್ಳನೆಯ ಬೂದು ಮಂಜು.

“ಏನ್ರೀ, ಸುಮ್ಮನಾದ್ರಲ್ಲ?”

“ಯಂತ್ರ ಹೊಂದಸಾಕತ್ತೀನಿ ಅಕ್ಕಾ, ಒಂದ್ ನಿಮಿಷ.”

ಮೊದಲು ನೋಡಿದ್ದು ಚರ್ಮದ ಕೆಳಗಿನ ಕೊಬ್ಬನ್ನು. ತೆರೆಯಲ್ಲಿ ಕೊಬ್ಬು ನಡುಮಧ್ಯದ ಬೂದು ಬಣ್ಣಕ್ಕಿರಬೇಕು. ಕೊಬ್ಬೇ ಕಪ್ಪಗಿದ್ದರೆ ಯಂತ್ರದ ಗೇನ್, ಅಂದರೆ ಮಾರ್ದನಿಯನ್ನು ಜೋರು ಮಾಡುವ ಮಟ್ಟ, ಕಡಿಮೆಯಾಗಿದೆ ಎಂದರ್ಥ. ಆಗ ಗಟ್ಟಿ ಗಂಟು ಕೂಡ ನೀರಿನಂತೆ ಕಪ್ಪಗೆ ಕಂಡು ಮೋಸ ಮಾಡುತ್ತದೆ. ಕೊಬ್ಬು ತೀರಾ ಬೆಳ್ಳಗಿದ್ದರೆ ಗೇನ್ ಹೆಚ್ಚಾಗಿದೆ, ಆಗ ತಿಳಿನೀರೂ ರಾಡಿಯಾಗಿ ಕಾಣುತ್ತದೆ. ಇವರ ಚಿತ್ರದಲ್ಲಿ ಕೊಬ್ಬಿನ ಬಣ್ಣ ಸರಿಯಾಗೇ ಇತ್ತು. ಮಂಜಿಗೆ ಕಾರಣ ಗೇನ್ ಅಲ್ಲ.

ಎರಡನೆಯ ಅನುಮಾನ ಗೋಳಗುಮ್ಮಟದ್ದು. ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ, ಅದು ಹಲವು ಸಲ ತಿರುಗಿ ಕೇಳುತ್ತದೆ. ಕಣ್ಣು ಕಟ್ಟಿ ಯಾರನ್ನಾದರೂ ಅಲ್ಲಿ ನಿಲ್ಲಿಸಿದರೆ ದೂರದೂರದಲ್ಲಿ ನಾಲ್ಕಾರು ಜನ ಒಬ್ಬರ ಹಿಂದೊಬ್ಬರು ಚಪ್ಪಾಳೆ ಹೊಡೆದರು ಎಂದೇ ಹೇಳಿಯಾರು. ಪ್ರೋಬಿನ ಮುಖಕ್ಕೂ ಅದರ ಕೆಳಗಿನ ಪದರಗಳಿಗೂ ನಡುವೆ ಶಬ್ದ ಹೀಗೇ ಹಿಂದೆ ಮುಂದೆ ಪುಟಿಯುತ್ತದೆ. ಪುಟಿದು ತಡವಾಗಿ ಬಂದ ಮಾರ್ದನಿಯನ್ನು ಯಂತ್ರ “ಆಳದಿಂದ ಬಂತು” ಎಂದುಕೊಂಡು ಕೆಳಗೆ ಬರೆಯುತ್ತದೆ. ಬೂದು ಅಂಗಾಂಶದ ಮೇಲೆ ಬರೆದರೆ ಗೊತ್ತಾಗುವುದಿಲ್ಲ, ಕಪ್ಪು ನೀರಿನ ಮೇಲೆ ಬರೆದರೆ ಮಂಜಾಗಿ ಕಾಣುತ್ತದೆ. ಅದೂ ಹೆಚ್ಚಾಗಿ ಗುಳ್ಳೆಯ ಮೇಲ್ಭಾಗದಲ್ಲೇ.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ಪ್ರೋಬನ್ನು ಸ್ವಲ್ಪ ಓರೆ ಮಾಡಿದೆ, ಮಂಜು ಜಾಗ ಬದಲಿಸಿತು. ನಿಜವಾಗಿ ಒಳಗೇ ಇದ್ದ ವಸ್ತುವಾಗಿದ್ದರೆ ಪ್ರೋಬ್ ಓರೆಯಾದ ಮಾತ್ರಕ್ಕೆ ಸರಿಯುತ್ತಿರಲಿಲ್ಲ. ಆಮೇಲೆ ಹಾರ್ಮೋನಿಕ್ ಎಂಬ ಗುಂಡಿ ಒತ್ತಿದೆ. ಆಗ ಯಂತ್ರ ತಾನು ಕಳಿಸಿದ ಶಬ್ದವನ್ನು ಬಿಟ್ಟು, ಅಂಗಾಂಶದೊಳಗೆ ಸಾಗುವಾಗ ಹುಟ್ಟಿಕೊಳ್ಳುವ ಇಮ್ಮಡಿ ಕಂಪನದ ಶಬ್ದವನ್ನಷ್ಟೇ ಕೇಳುತ್ತದೆ. ಹೀಗೆ ಪುಟಿದು ಬರುವ ಸುಳ್ಳು ಮಾರ್ದನಿಗಳಲ್ಲಿ ಆ ಶಬ್ದ ತೀರಾ ಕಡಿಮೆ. ಮಂಜು ಹರಿಯಿತು, ಒಳಗೆಲ್ಲ ಕಪ್ಪು.

ಹಿಂದಿನ ಬೆಳಕು ಮಾತ್ರ ಇನ್ನೂ ಮಸುಕಾಗಿತ್ತು. ಈಗಿನ ಯಂತ್ರಗಳಲ್ಲಿ ಹಲವು ಕೋನಗಳಿಂದ ಶಬ್ದ ಕಳಿಸಿ ಎಲ್ಲವನ್ನೂ ಬೆರೆಸಿ ಒಂದು ನುಣುಪು ಚಿತ್ರ ಕೊಡುವ ಸೌಲಭ್ಯ ಇದೆ. ಚಿತ್ರ ಚೆಂದವಾಗುತ್ತದೆ, ಆದರೆ ಗುಳ್ಳೆಯ ಹಿಂದಿನ ಬೆಳಕೂ ಹಲವು ಕಡೆ ಹಂಚಿಹೋಗುತ್ತದೆ. ಅದನ್ನು ಆರಿಸಿದೆ. ಪಟ್ಟಿ ಸ್ಪಷ್ಟವಾಗಿ ಇಳಿಯಿತು. ಕೊನೆಗೆ ಡಾಪ್ಲರ್ ಹಾಕಿ ರಕ್ತದ ಓಡಾಟ ನೋಡಿದೆ. ಇದಕ್ಕೆ ಪ್ರೋಬನ್ನು ಹಗುರವಾಗಿ ಹಿಡಿಯಬೇಕು, ಒತ್ತಿದರೆ ಸಣ್ಣ ನಾಳಗಳು ಮುಚ್ಚಿಕೊಂಡು ಇದ್ದ ರಕ್ತವೂ ಕಾಣುವುದಿಲ್ಲ. ಗುಳ್ಳೆಯೊಳಗೆ ಓಡಾಟ ಇರಲಿಲ್ಲ.

ಸರಳ ಸಿಸ್ಟ್. ಬೈರಾಡ್ಸ್ 2, ಅಂದರೆ ನಿರಪಾಯ.

ರಾಡಿ ನೀರಾಗಿದ್ದರೆ

ಮಂಜು ಹರಿಯದೆ ಉಳಿದಿದ್ದರೆ? ಎಷ್ಟೋ ಸಿಸ್ಟ್‌ಗಳಲ್ಲಿ ನೀರು ತಿಳಿಯಾಗಿರುವುದಿಲ್ಲ. ಸತ್ತ ಕೋಶ, ಪ್ರೋಟೀನು, ಹಳೆಯ ರಕ್ತ ಬೆರೆತು ರಾಡಿಯಾಗಿರುತ್ತದೆ. ಗಡಿಗೆಯಲ್ಲಿ ಹೊಳೆಯ ನೀರು ತುಂಬಿಟ್ಟರೆ ಕೆಸರು ತಳಕ್ಕೆ ಕೂರುತ್ತದಲ್ಲ, ಕೆಲವು ಸಿಸ್ಟ್‌ಗಳಲ್ಲೂ ಹಾಗೇ ಮೇಲೆ ಕಪ್ಪು, ಕೆಳಗೆ ಬೂದು, ನಡುವೆ ಸಮ ಗೆರೆ ಕಾಣುತ್ತದೆ. ಮಲಗಿದವರನ್ನು ಮಗ್ಗುಲಾಗಿಸಿ ಒಂದೆರಡು ನಿಮಿಷ ಕಾಯುತ್ತೇವೆ. ಗೆರೆ ಹೊಸ ತಳಕ್ಕೆ ಸಮವಾಗಿ ತಿರುಗಿದರೆ ಅದು ಕೆಸರು. ಗೋಡೆಗೆ ಅಂಟಿಕೊಂಡು ಅಲ್ಲೇ ಉಳಿದರೆ ಗಟ್ಟಿ ವಸ್ತು ಇರಬಹುದೆಂದು ಅನುಮಾನಿಸಬೇಕು.

ಹೀಗೂ ಬಗೆಹರಿಯದಿದ್ದರೆ ಸಣ್ಣ ಸೂಜಿಯಿಂದ ಎಳೆದು ನೋಡಬಹುದು. ಸೂಜಿ ಹೋಗುವುದನ್ನು ತೆರೆಯ ಮೇಲೆ ನೋಡುತ್ತಲೇ ಎಳೆಯುತ್ತಾರೆ. ಹಳದಿ, ಹಸಿರು ಅಥವಾ ಕಂದು ಬಣ್ಣದ ನೀರು ಬಂದು ಗುಳ್ಳೆ ಕಣ್ಣೆದುರೇ ಮಾಯವಾದರೆ ಪ್ರಶ್ನೆ ಮುಗಿಯಿತು. ಹಸಿರು ನೋಡಿ ಕೀವು ಎಂದು ಹೆದರುವವರಿದ್ದಾರೆ, ಆದರೆ ಸಿಸ್ಟ್‌ನ ನೀರಿಗೆ ಅದು ಸಾಮಾನ್ಯ ಬಣ್ಣವೇ. ರಕ್ತ ಬೆರೆತಿದ್ದರೆ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ನೀರು ತೆಗೆದರೂ ಗಂಟು ಉಳಿದರೆ ಬಯಾಪ್ಸಿ, ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು, ಬೇಕು.

ಗೋಡೆ ದಪ್ಪವಾಗಿರುವುದು, ಒಳಗೆ ದಪ್ಪ ಅಡ್ಡಗೋಡೆ, ಅಥವಾ ನೀರಿನೊಳಕ್ಕೆ ಚಾಚಿದ ಗಟ್ಟಿ ಚೂರು, ಅದರಲ್ಲಿ ರಕ್ತದ ಓಡಾಟ: ಇವು ಇದ್ದರೆ ಅದನ್ನು ರಾಡಿ ಸಿಸ್ಟ್ ಎನ್ನುವುದಿಲ್ಲ. ಅದು ನೀರೂ ಗಟ್ಟಿಯೂ ಕೂಡಿದ ಗಂಟು, ದರ್ಜೆ 4. ಇಲ್ಲಿ ಬರೀ ನೀರು ಎಳೆದು ಸುಮ್ಮನಾಗುವಂತಿಲ್ಲ, ಗಟ್ಟಿ ಭಾಗದಿಂದಲೇ ಬಯಾಪ್ಸಿ ಆಗಬೇಕು.

ಗಟ್ಟಿ ಗಂಟು ಎಂದರೆ ಕ್ಯಾನ್ಸರ್ ಎಂದಲ್ಲ

ಗಟ್ಟಿ ಎಂಬ ಮಾತು ಕೇಳಿದೊಡನೆ ಎದೆ ಒಡೆದುಕೊಳ್ಳಬೇಕಿಲ್ಲ. ಹೆಚ್ಚಾಗಿ ಸಿಗುವ ಗಟ್ಟಿ ಗಂಟು ಫೈಬ್ರೋಅಡಿನೋಮಾ, ಅದು ಕ್ಯಾನ್ಸರ್ ಅಲ್ಲ. ನೋಡಲು ಅದು ಚರ್ಮಕ್ಕೆ ಸಮಾನಾಂತರವಾಗಿ ಅಡ್ಡ ಮಲಗಿದ ಮೊಟ್ಟೆಯ ಹಾಗೆ, ಅಂಚು ನುಣ್ಣಗೆ, ಒಳಗೆ ಒಂದೇ ಸಮನೆ ಬೂದು. ಕ್ಯಾನ್ಸರ್ ಗಂಟಿನ ಅಂಚು ಹೆಚ್ಚಾಗಿ ಮೊನಚು, ಅಂಕುಡೊಂಕು. ಅದು ಪದರಗಳನ್ನು ಸೀಳಿಕೊಂಡು ಅಗಲಕ್ಕಿಂತ ಎತ್ತರವಾಗಿ ಬೆಳೆದಿರಬಹುದು, ಹಿಂದೆ ಬೆಳಕಿನ ಬದಲು ನೆರಳು ಬೀಳಬಹುದು. ಬಹುಪಾಲು ಹೀಗೆ ಎನ್ನಬಹುದು, ಯಾವಾಗಲೂ ಹೀಗೇ ಎನ್ನಲಾಗದು. ದುಂಡಗೆ, ನುಣ್ಣಗೆ ಇರುವ ಕ್ಯಾನ್ಸರುಗಳೂ ಇವೆ.

ಫೈಬ್ರೋಅಡಿನೋಮಾದ ಎಲ್ಲ ಲಕ್ಷಣ ಕೂಡಿದ್ದರೆ ದರ್ಜೆ 3 ಕೊಡುತ್ತಾರೆ: ಕ್ಯಾನ್ಸರ್ ಸಾಧ್ಯತೆ 100ಕ್ಕೆ 2 ಅಥವಾ ಅದಕ್ಕಿಂತ ಕಡಿಮೆ. ಸಾಮಾನ್ಯವಾಗಿ 6 ತಿಂಗಳಿಗೆ, 12 ತಿಂಗಳಿಗೆ, 24 ತಿಂಗಳಿಗೆ ಮತ್ತೆ ಅಳೆಯುತ್ತಾರೆ. ಬೆಳೆದರೆ ಅಥವಾ ರೂಪ ಬದಲಾದರೆ ಬಯಾಪ್ಸಿ. ನಮ್ಮಲ್ಲಿ ಮೊದಲ 6 ತಿಂಗಳಿಗೇ ಎಷ್ಟೋ ಮಂದಿ ಬರುವುದು ತಪ್ಪಿಸುತ್ತಾರೆ. ಸುಗ್ಗಿ, ಮದುವೆ, ಮಕ್ಕಳ ಪರೀಕ್ಷೆ, ಏನೋ ಒಂದು ಅಡ್ಡ ಬರುತ್ತದೆ. ಹಾಗೆ ಬರಲಾಗದವರು ಮೊದಲೇ ಹೇಳಿದರೆ ಕಾಯುವ ಬದಲು ಬಯಾಪ್ಸಿ ಮಾಡಿಸುವುದನ್ನೂ ವೈದ್ಯರೊಂದಿಗೆ ಮಾತಾಡಬಹುದು.

ಸೋನೋಗ್ರಾಫಿಗೆ ಕಾಣದ್ದು

ಮರಳಿ ಕರೆದದ್ದು ದುಂಡನೆಯ ಮಚ್ಚೆಗಾದರೆ ಸೋನೋಗ್ರಾಫಿ ಒಳ್ಳೆಯ ಉತ್ತರ ಕೊಡುತ್ತದೆ. ಕರೆದದ್ದು ಸುಣ್ಣದ ಸಣ್ಣ ಚುಕ್ಕೆಗಳ ಗುಂಪಿಗಾದರೆ ಹಾಗಲ್ಲ. ಮ್ಯಾಮೊಗ್ರಾಮಿನಲ್ಲಿ ಉಪ್ಪಿನ ಹರಳಿನಂತೆ ಕಾಣುವ ಆ ಚುಕ್ಕೆಗಳನ್ನು ಸೋನೋಗ್ರಾಫಿ ಬಹಳ ಸಲ ನೋಡಲಾರದು. “ಸೋನೋಗ್ರಾಫಿ ನಾರ್ಮಲ್ ಬಂದದೆ” ಎಂದು ಆ ಮ್ಯಾಮೊಗ್ರಾಮನ್ನು ಕಪಾಟಿಗೆ ಸೇರಿಸುವಂತಿಲ್ಲ. ಹಾಗೇ 5 ಮಿಲಿಮೀಟರಿಗಿಂತ ಸಣ್ಣ ಗುಳ್ಳೆ, ಅಥವಾ ತೀರಾ ಆಳದ ಗುಳ್ಳೆ ಬರೀ ನೀರಿನದೇ ಆಗಿದ್ದರೂ ಹಿಂದಿನ ಬೆಳಕು ತೋರಿಸದೇ ಇರಬಹುದು.

ಆದ್ದರಿಂದ ರಿಪೋರ್ಟ್ ಕೈಗೆ ಬಂದಾಗ ಕೊನೆಯ ಅಂಕಿಯ ಜೊತೆ ಇನ್ನೊಂದು ಸಾಲು ಹುಡುಕಿ: ಸೋನೋಗ್ರಾಫಿಯಲ್ಲಿ ಕಂಡದ್ದೇ ಮ್ಯಾಮೊಗ್ರಾಮಿನಲ್ಲಿ ಕಂಡದ್ದು ಎಂದು ಬರೆದಿದೆಯೇ? ಗಡಿಯಾರದ ಜಾಗ, ತೊಟ್ಟಿನಿಂದ ದೂರ, ಅಳತೆ ಇವೆಯೇ? ಇಲ್ಲದಿದ್ದರೆ ಅಲ್ಲೇ ಕೇಳಿ. ಎರಡು ಕಡೆ ಬೇರೆ ಬೇರೆ ಮಾಡಿಸಿದವರು ಮ್ಯಾಮೊಗ್ರಾಂ ರಿಪೋರ್ಟ್ ಅಷ್ಟೇ ಅಲ್ಲ, ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಬೇಕು. ಚಿತ್ರ ನೋಡದೆ ಹೋಲಿಸಲಾಗದು.

ಶಿಕ್ಷಕಿಗೆ ತೆರೆ ತಿರುಗಿಸಿ ತೋರಿಸಿದೆ. ಕಪ್ಪು ದ್ರಾಕ್ಷಿ, ಅದರ ಕೆಳಗೆ ಬೆಳಕು.

“ಇದನ್ನ ತಗಿಬೇಕೇನ್ರಿ?”

“ಬ್ಯಾಡ. ನೋವು ಕೊಟ್ರ ಸೂಜಿಲೆ ನೀರು ತಗೀಬಹುದು. ಇಲ್ಲಾಂದ್ರ ಅದರ ಪಾಡಿಗೆ ಇರಲಿ. ತಾನಽ ಸಣ್ಣದಾಗಬಹುದು, ಮತ್ತ ತುಂಬಬಹುದು.”

“ಮುಂದ ಇದು ಕ್ಯಾನ್ಸರ್ ಆಗೂದಿಲ್ಲಲ್ರಿ?”

“ಈ ಸರಳ ಸಿಸ್ಟ್ ಕ್ಯಾನ್ಸರಾಗಿ ತಿರುಗೂದಿಲ್ಲ. ಆದ್ರ ಹೊಸಾ ಗಂಟು ಕೈಗೆ ಹತ್ತಿದ್ರ ಅದೂ ಇದಽ ಇರಬೇಕಂತ ಮನ್ಯಾಗ ಕುಂದರಬ್ಯಾಡ್ರಿ, ಬಂದು ತೋರಸ್ರಿ.”

ಜೆಲ್ಲಿ ಒರೆಸಿಕೊಳ್ಳಲು ಟಿಶ್ಯೂ ಕೊಟ್ಟೆ. ಅವರು ಅದನ್ನು ಅರ್ಧ ಒರೆಸಿ, ಸೆರಗು ಹೊದ್ದುಕೊಂಡು, ಬಾಗಿಲ ಹತ್ತಿರ ನಿಂತು ಕೇಳಿದರು: “ಬಾತ್‌ರೂಮ್ ಯಾವ ಕಡೆ ಬರ್ತದ್ರಿ?”